ನಡಾವಳಿಯಿಂದ ಒಂದೂವರೆ ನಿಮಿಷದ ವಿಡಿಯೊಗೆ

ಒಂದು ಗಾರ್ಮೆಂಟ್ಸ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಮ್ಯಾನೇಜರ್ ಕಳಿಸಿದ ಸಭೆಯ ನಡಾವಳಿಯಲ್ಲಿ 14 ಅಂಶಗಳಿವೆ. ಹೊಲಿಗೆ ವಿಭಾಗದವರಿಗಾಗಿ ಇದನ್ನು ತಿಂಗಳ ವಿಡಿಯೊ ಮಾಡಬೇಕು. ಎಲ್ಲವನ್ನೂ ಓದಿದರೆ ಯಾರೂ ಕೊನೆಯವರೆಗೆ ನೋಡುವುದಿಲ್ಲ.

ಮೊದಲ ಕೆಲಸ ಸೋಸುವುದು. ‘ಚರ್ಚಿಸಲಾಯಿತು’ ಎಂದಷ್ಟೇ ಇರುವ ಸಾಲುಗಳನ್ನು ಬಿಡಿ. ತೀರ್ಮಾನವಾಗದ ಬೋನಸ್ ವಿಚಾರ ವಿಡಿಯೊದಲ್ಲಿ ಬಂದರೆ ಮರುದಿನವೇ ಅದು ಭರವಸೆಯಾಗಿಬಿಡುತ್ತದೆ. ಒಬ್ಬ ನೌಕರರ ಹೆಸರಿರುವ ಶಿಸ್ತಿನ ವಿಷಯವೂ ಬೇಡ. ಉಳಿದವುಗಳಲ್ಲಿ ನೌಕರರ ದಿನಚರಿಯನ್ನು ಬದಲಿಸುವ ಮೂರನ್ನು ಆರಿಸಿದರೆ ಸಾಕು.

ಒಂದು ಸಾಲು ಹೀಗಿದೆ: ‘ಕ್ಯಾಂಟೀನ್ ದಟ್ಟಣೆ ನಿವಾರಣೆಗಾಗಿ 1ನೇ ತಾರೀಖಿನಿಂದ ಊಟದ ವಿರಾಮವನ್ನು ಎರಡು ಹಂತಗಳಲ್ಲಿ ನೀಡಲು ತೀರ್ಮಾನಿಸಲಾಯಿತು.’ ಸ್ಕ್ರಿಪ್ಟಿನಲ್ಲಿ ಅದು ಹೀಗಾಗಲಿ: ‘ಊಟಕ್ಕೆ ಇನ್ನು ಉದ್ದ ಸಾಲು ಇರಬಾರದು ಅಂತ ಒಂದನೇ ತಾರೀಖಿನಿಂದ ಎರಡು ಸರದಿ ಮಾಡಿದ್ದೇವೆ. ಎ ಲೈನಿನವರಿಗೆ ಹನ್ನೆರಡೂವರೆಗೆ, ಬಿ ಲೈನಿನವರಿಗೆ ಒಂದು ಗಂಟೆಗೆ.’ ನಡಾವಳಿಯಲ್ಲಿ ಈ ಸಮಯಗಳೇ ಇಲ್ಲ. ಮ್ಯಾನೇಜರನ್ನು ಕೇಳಿಯೇ ಬರೆಯಬೇಕು, ಊಹಿಸಬಾರದು.

ಹಾಳೆಯನ್ನು ಎರಡು ಕಾಲಂ ಮಾಡಿ. ಎಡಕ್ಕೆ ಕಾಣುವುದು: ಕ್ಯಾಂಟೀನ್ ಬಾಗಿಲು, ಪರದೆಯ ಮೇಲೆ 12:30 ಮತ್ತು 1:00. ಬಲಕ್ಕೆ ಕೇಳುವುದು. ಅಂಕಿ ಎರಡೂ ಕಡೆ ಇರಲಿ, ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದವರೂ ಇರುತ್ತಾರೆ. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ವಾಕ್ಯವನ್ನು ಮುರಿಯಿರಿ, 90 ಸೆಕೆಂಡು ಮೀರಿದರೆ ವಿಷಯವನ್ನೇ ಕಡಿಮೆ ಮಾಡಿ. ಓದುವ ವೇಗ ಹೆಚ್ಚಿಸಬೇಡಿ.

ಚಿತ್ರೀಕರಣಕ್ಕೆ ಮುಂಚೆ ಹೊಲಿಗೆ ಲೈನಿನ ಒಬ್ಬರಿಗೆ ಓದಿ ಹೇಳಿ, ‘ನಿಮ್ಮ ಊಟ ಎಷ್ಟೊತ್ತಿಗೆ?’ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಸಾಲನ್ನು ಮತ್ತೆ ಬರೆಯಬೇಕು.