ಕಾಫಿ ಎಷ್ಟು ಆರಿತು? ನಾಲ್ಕು ದರಗಳ ಲೆಕ್ಕ

ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಇದೆ, 88 ಡಿಗ್ರಿ. ಕೋಣೆಯ ಉಷ್ಣತೆ 28 ಡಿಗ್ರಿ. ಕೋಣೆಗಿಂತ ಕಾಫಿಗೆ 60 ಡಿಗ್ರಿ ಬಿಸಿ ಹೆಚ್ಚು. ಈ ಹೆಚ್ಚಿನ ಬಿಸಿಯ ಹತ್ತನೇ ಒಂದು ಪಾಲು ಪ್ರತಿ ನಿಮಿಷ ಇಳಿಯುವ ದರ ಎಂದು ಇಟ್ಟುಕೊಳ್ಳೋಣ. ಹತ್ತು ನಿಮಿಷ ಕಳೆದ ಮೇಲೆ ಎಷ್ಟು ಉಳಿದೀತು?

ಮೊದಲ ಕ್ಷಣದ ದರ ನಿಮಿಷಕ್ಕೆ 6 ಡಿಗ್ರಿ. ಅದೇ ದರವನ್ನು ಹತ್ತು ನಿಮಿಷಕ್ಕೂ ಹಿಡಿದರೆ 60 ಡಿಗ್ರಿಯೂ ಇಳಿದು ಕಾಫಿ ತಣ್ಣಗಾಗಿಬಿಡುತ್ತದೆ. ಹಾಗಾಗುವುದಿಲ್ಲವೆಂದು ಕಾಫಿ ಕುಡಿಯುವವರಿಗೆಲ್ಲ ಗೊತ್ತು. ಕಾಫಿ ಆರುತ್ತ ಹೋದಂತೆ ಆರುವ ವೇಗವೂ ಇಳಿಯುತ್ತದೆ. ಬದಲಾಗುವ ಸಂಗತಿ ತನ್ನ ಬದಲಾವಣೆಯ ದರವನ್ನು ತಾನೇ ನಿರ್ಧರಿಸುವ ಇಂಥ ಸಂಬಂಧಕ್ಕೆ ಗಣಿತದಲ್ಲಿ ಅವಕಲ ಸಮೀಕರಣ ಎಂದು ಹೆಸರು. ಹೆಚ್ಚಿನ ಬಿಸಿಯನ್ನು D ಎಂದು ಕರೆದರೆ, ಇಲ್ಲಿನ ಸಮೀಕರಣ D' = −0.1 D.

ಮೊದಲ ಕ್ಷಣದ ದರವೊಂದನ್ನೇ ನಂಬದೆ ನಡುವಿನ ದರವನ್ನೂ ಕೇಳಿ ನೋಡುವ ದಾರಿಯನ್ನು ಜರ್ಮನಿಯ ಕಾರ್ಲ್ ರುಂಗೆ 1895ರಲ್ಲಿ ತೋರಿಸಿದರು. ಕಾರ್ಲ್ ಹಾಯ್ನ್ 1900ರಲ್ಲಿ ಅದನ್ನು ಬೆಳೆಸಿದರು. 1901ರಲ್ಲಿ ಮಾರ್ಟಿನ್ ವಿಲ್ಹೆಲ್ಮ್ ಕುಟ್ಟಾ ಅದಕ್ಕೆ ಇಂದು ಎಲ್ಲರೂ ಬಳಸುವ ನಾಲ್ಕು ದರಗಳ ರೂಪ ಕೊಟ್ಟರು. ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನವೆಂದು ಪರೀಕ್ಷೆಗೆ ಓದುವುದು ಇದನ್ನೇ. ಮುಂದಿನ ಬಿಂದುವಿಗೆ ಹೋಗಲು ಈಗ ನಿಂತಿರುವ ಬಿಂದುವೊಂದು ತಿಳಿದಿದ್ದರೆ ಸಾಕು, ಹಿಂದಿನ ಬೆಲೆಗಳ ಪಟ್ಟಿ ಬೇಡ. ಅದಕ್ಕೇ ಇದು ಏಕಹೆಜ್ಜೆಯ ವಿಧಾನ.

ಹತ್ತು ನಿಮಿಷದ ಒಂದೇ ಹೆಜ್ಜೆ ಇಟ್ಟು ನೋಡೋಣ. ಆರಂಭದ ದರ k1 = −6. ಈ ದರದಲ್ಲಿ ಐದು ನಿಮಿಷ ಹೋದರೆ 30 ಡಿಗ್ರಿ ಇಳಿದು 30 ಉಳಿಯುತ್ತದೆ; ಅಲ್ಲಿನ ದರ k2 = −3. ಈಗ ಮತ್ತೆ ಆರಂಭದ 60ಕ್ಕೇ ಮರಳಬೇಕು. ಅಲ್ಲಿಂದ k2 ದರದಲ್ಲಿ ಐದು ನಿಮಿಷ ಹೋದರೆ 45 ಉಳಿಯುತ್ತದೆ; k3 = −4.5. ಮತ್ತೊಮ್ಮೆ 60ರಿಂದಲೇ ಹೊರಟು, k3 ದರದಲ್ಲಿ ಪೂರಾ ಹತ್ತು ನಿಮಿಷ ಹೋದರೆ 15; k4 = −1.5. ಎರಡು ತುದಿಯ ದರಗಳಿಗೆ ಒಂದೊಂದು ಪಾಲು, ನಡುವಿನ ಎರಡಕ್ಕೆ ಎರಡೆರಡು ಪಾಲು ಕೊಟ್ಟು ಸರಾಸರಿ ತೆಗೆಯಬೇಕು:

(6 + 2×3 + 2×4.5 + 1.5) ÷ 6 = 3.75

ನಿಮಿಷಕ್ಕೆ 3.75ರಂತೆ ಹತ್ತು ನಿಮಿಷದಲ್ಲಿ 37.5 ಡಿಗ್ರಿ ಇಳಿದು 22.5 ಉಳಿಯಿತು. ಪ್ರತಿ ಸಲವೂ 60ಕ್ಕೆ ಮರಳುವ ಆ ಮಾತನ್ನು ಮರೆಯುವವರು ಬಹಳ. k3ಗಾಗಿ 60ರ ಬದಲು ನಡುವಿನ 30ರಿಂದ ಹೊರಟರೆ ಕೊನೆಗೆ ಬರುವ ಉತ್ತರ 27.5. ನೋಡಲು ಅದೂ ನಂಬುವಂತೆಯೇ ಇರುತ್ತದೆ. ಅಪಾಯ ಇರುವುದೇ ಅಲ್ಲಿ.

ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಲೆಕ್ಕ ಸಾಮಾನ್ಯವಾಗಿ 22.5ಕ್ಕೆ ನಿಲ್ಲುತ್ತದೆ. ಆದರೆ ಈ ಸಂಖ್ಯೆಯ ಎಷ್ಟು ಅಂಕಿ ನಂಬಬಹುದು? ಅದನ್ನು ತಿಳಿಯಲು ಅದೇ ದಾರಿಯನ್ನು ಅರ್ಧ ಅಳತೆಯ ಎರಡು ಹೆಜ್ಜೆಗಳಲ್ಲಿ ಮತ್ತೊಮ್ಮೆ ನಡೆಯಬೇಕು. ಐದು ನಿಮಿಷದ ಮೊದಲ ಹೆಜ್ಜೆಯಲ್ಲಿ ದರಗಳು −6, −4.5, −4.875, −3.5625. ಹೆಜ್ಜೆ ಮುಗಿದಾಗ ಉಳಿಯುವುದು 36.40625. ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟರೆ 22.0903.

ಎರಡು ಉತ್ತರಗಳ ನಡುವಿನ ಅಂತರ 0.4097. ಇದನ್ನು 15ರಿಂದ ಭಾಗಿಸಿದರೆ ಎರಡನೇ ಉತ್ತರದ ದೋಷದ ಅಂದಾಜು ಸಿಗುತ್ತದೆ: 0.027. ಈ 15 ಎಲ್ಲಿಂದ ಬಂತು? ನಾಲ್ಕನೇ ದರ್ಜೆಯ ವಿಧಾನದಲ್ಲಿ ಒಂದು ಹೆಜ್ಜೆಯ ದೋಷ ಹೆಜ್ಜೆಯ ಅಳತೆಯ ಐದನೇ ಘಾತದಂತೆ ಬದಲಾಗುತ್ತದೆ. ಅಳತೆ ಅರ್ಧವಾದರೆ ಹೆಜ್ಜೆಯೊಂದರ ದೋಷ 32ನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಈಗ ಹೆಜ್ಜೆಗಳು ಎರಡು, ಹಾಗಾಗಿ ಒಟ್ಟು ದೋಷ 16ನೇ ಒಂದು ಪಾಲು. ಸಣ್ಣ ಹೆಜ್ಜೆಯ ದೋಷ ಒಂದು ಪಾಲಾದರೆ ದೊಡ್ಡ ಹೆಜ್ಜೆಯದು ಹದಿನಾರು ಪಾಲು. ಎರಡರ ಅಂತರ ಹದಿನೈದು.

ಕಾಫಿಯ ಸಮೀಕರಣಕ್ಕೆ ನಿಖರ ಉತ್ತರ ಗೊತ್ತಿರುವುದರಿಂದ ಈ ಅಂದಾಜನ್ನೇ ಪರೀಕ್ಷೆಗೆ ಒಡ್ಡಬಹುದು. ಹತ್ತು ನಿಮಿಷದ ಕೊನೆಗೆ ನಿಜಕ್ಕೂ ಉಳಿಯುವುದು 22.0728. ಎರಡು ಹೆಜ್ಜೆಯ ಲೆಕ್ಕದ ನಿಜವಾದ ದೋಷ 0.0175, ಅಂದಾಜು ಹೇಳಿದ್ದು 0.027. ಸುಮಾರು ಒಂದೂವರೆ ಪಟ್ಟು ಹೆಚ್ಚು. ಅಂದಾಜು ಕೆಟ್ಟದ್ದೆಂದು ಇದರ ಅರ್ಥವಲ್ಲ, ಹತ್ತು ನಿಮಿಷದ ಹೆಜ್ಜೆ ತೀರಾ ಉದ್ದವಾಗಿತ್ತು. ಹದಿನಾರನೇ ಒಂದು ಪಾಲೆಂಬ ನಿಯಮ ಹೆಜ್ಜೆ ಸಣ್ಣದಾದಂತೆ ಮಾತ್ರ ನಿಜಕ್ಕೆ ಹತ್ತಿರವಾಗುತ್ತದೆ.

ನಿಖರ ಉತ್ತರ ಗೊತ್ತಿಲ್ಲದವರು ಇದನ್ನು ಕಂಡುಕೊಳ್ಳುವುದು ಹೇಗೆ? ಇನ್ನೊಮ್ಮೆ ಅರ್ಧ ಮಾಡಿ. ಎರಡೂವರೆ ನಿಮಿಷದ ನಾಲ್ಕು ಹೆಜ್ಜೆ ಇಟ್ಟರೆ ಬರುವುದು 22.0737. ಹಿಂದಿನ ಉತ್ತರಕ್ಕೂ ಇದಕ್ಕೂ ಅಂತರ 0.0166. ಮೊದಲ ಅಂತರ 0.4097 ಇತ್ತಲ್ಲ, ಅದನ್ನು ಇದರಿಂದ ಭಾಗಿಸಿದರೆ ಸುಮಾರು 25. ಬರಬೇಕಾದದ್ದು 16ರ ಆಸುಪಾಸು. ಹಾಗಾಗಿ ಮೊದಲ ಹೆಜ್ಜೆ ಅತಿಯಾಗಿತ್ತೆಂದು ಲೆಕ್ಕದ ಹಾಳೆಯೇ ತಿಳಿಸುತ್ತದೆ. ಹೊಸ ಅಂದಾಜು 0.0011, ನಿಜವಾದ ದೋಷ 0.0009. ಈಗ ಎರಡೂ ಹತ್ತಿರ ಬಂದಿವೆ. ಈ ಅನುಪಾತ ಎರಡೋ ಮೂರೋ ಆಗಿಬಿಟ್ಟರೆ ಎಲ್ಲೋ ಕೈ ತಪ್ಪಿದೆ ಎಂದು ಸಂಶಯಪಡಬೇಕು: 60ಕ್ಕೆ ಮರಳಲು ಮರೆತಿರಬಹುದು, ಇಲ್ಲವೇ ನಡುವಿನ ದರವನ್ನು ಎರಡರಿಂದ ಗುಣಿಸದೆ ಬಿಟ್ಟಿರಬಹುದು. ದಶಮಾಂಶಗಳನ್ನು ಬೇಗ ಕತ್ತರಿಸಿದರೂ ಈ ಪರೀಕ್ಷೆ ಕೆಡುತ್ತದೆ. 22.09 ಮತ್ತು 22.07 ಎಂದಷ್ಟೇ ಬರೆದುಕೊಂಡವರಿಗೆ 0.0166ರ ಅಂತರ 0.02 ಆಗಿ ಕಾಣುತ್ತದೆ.

ಎರಡನೇ ಲೆಕ್ಕಕ್ಕೆ ಮೊದಲೇ ಸಿಗುವ ಸುಳಿವೂ ಒಂದಿದೆ. k2, k3 ಎರಡೂ ನಡುವಿನ ಒಂದೇ ಕ್ಷಣದ ದರಗಳು. k1ರಿಂದ k2ಗೆ ಆದ ಬದಲಾವಣೆಯ ಮುಂದೆ ಇವೆರಡರ ಜಗಳ ಸಣ್ಣದಿರಬೇಕು. ಹತ್ತು ನಿಮಿಷದ ಹೆಜ್ಜೆಯಲ್ಲಿ ಆ ಜಗಳ ಅರ್ಧದಷ್ಟಿತ್ತು, ಐದರಲ್ಲಿ ಕಾಲು ಭಾಗ.

ಆತುರಪಟ್ಟು ಮೂವತ್ತು ನಿಮಿಷವನ್ನು ಒಂದೇ ಹೆಜ್ಜೆಯಲ್ಲಿ ದಾಟಲು ಹೊರಟರೆ ಈ ಜಗಳ ಒಂದೂವರೆ ಪಟ್ಟಾಗುತ್ತದೆ. ಆಗಿನ ದರಗಳು −6, +3, −10.5, +25.5. ಸರಾಸರಿ +0.75, ಕಾಫಿ ಆರುವ ಬದಲು ಬಿಸಿಯೇರಿ ಹೆಚ್ಚಿನ ಬಿಸಿ 82.5 ಆಗುತ್ತದೆ, ಎಂದರೆ ಲೋಟದಲ್ಲಿ 110.5 ಡಿಗ್ರಿ! ಈ ಸಮೀಕರಣದಲ್ಲಿ ಹೆಜ್ಜೆ ಸುಮಾರು 27.85 ನಿಮಿಷ ದಾಟಿದರೆ ಉತ್ತರ ಹೀಗೆ ಬೆಳೆಯತೊಡಗುತ್ತದೆ. ಹದಿನೈದು ನಿಮಿಷದ ಎರಡು ಹೆಜ್ಜೆ ಇಟ್ಟರೆ ಬರುವುದು 4.49. ಅಂತರವನ್ನು 15ರಿಂದ ಭಾಗಿಸಿದರೆ ದೋಷದ ಅಂದಾಜು 5.2, ಉತ್ತರಕ್ಕಿಂತಲೇ ದೊಡ್ಡದು. ಆ ಹಾಳೆಯನ್ನು ಪಕ್ಕಕ್ಕಿಟ್ಟು ಐದು ನಿಮಿಷದ ಆರು ಹೆಜ್ಜೆಗಳಲ್ಲಿ ನಡೆದರೆ 2.994 ಸಿಗುತ್ತದೆ. ನಿಖರ ಬೆಲೆ 2.987, ಅರ್ಧ ಗಂಟೆಯ ಬಳಿಕ ಕಾಫಿ 31 ಡಿಗ್ರಿಯ ಹತ್ತಿರ.