ಜಿಮ್ ಪೋಸ್ಟರ್ ಎಲ್ಲಿ ಸೋತಿತು? ಎಐಡಿಎ ಇಟ್ಟು ಹುಡುಕೋಣ

ನಮ್ಮ ಕಾಲೇಜಿನ ಹಿಂದಿನ ಬಡಾವಣೆಯಲ್ಲಿ ಹೊಸ ಜಿಮ್ ಶುರುವಾಗ್ತಿದೆ, ಪ್ರಚಾರಕ್ಕೆ 50 ಎ3 ಪೋಸ್ಟರ್ ಮಾತ್ರ ಇವೆ ಅಂತ ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಏನು ಮಾಡ್ತೀವಿ? ಸಿಕ್ಸ್ ಪ್ಯಾಕ್ ಫೋಟೊ, ಉಪಕರಣಗಳ ಪಟ್ಟಿ, ಮೂಲೆಯಲ್ಲೊಂದು ಫೋನ್ ನಂಬರ್. ಯಾರೂ ಬರದಿದ್ದರೆ ತಪ್ಪು ಎಲ್ಲಾಯ್ತು ಅಂತ ಗೊತ್ತಾಗಲ್ಲ.

ಜಾಹೀರಾತು ಜಗತ್ತಿನ ಹಳೆಯ ಎಐಡಿಎ ಮಾದರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಗ್ರಾಹಕನ ಮನಸ್ಸನ್ನು ನಾಲ್ಕು ಹಂತ ಮಾಡುತ್ತದೆ: ಅಟೆನ್ಷನ್, ಇಂಟರೆಸ್ಟ್, ಡಿಸೈರ್, ಆ್ಯಕ್ಷನ್. ಅಂದ್ರೆ ಗಮನ, ಆಸಕ್ತಿ, ಬಯಕೆ, ಕ್ರಿಯೆ.

ಮೊದಲು ಗಮನ. ಗಂಟೆಗೆ 30 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ ಸುಮಾರು 8 ಮೀಟರ್ ಸಾಗುತ್ತದೆ. 20 ಮೀಟರ್ ದೂರದಿಂದ ಕಂಡರೂ ಓದಲು ಸಿಗುವುದು ಎರಡೂವರೆ ಸೆಕೆಂಡ್. ಅಷ್ಟು ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರ ಸುಮಾರು 6 ಇಂಚು ಎತ್ತರ ಇರಬೇಕು. ಎ3 ಹಾಳೆಯ ಎತ್ತರವೇ ಹದಿನಾರೂವರೆ ಇಂಚು. ಹಾಗಾಗಿ ಬೈಕಿನವರನ್ನು ಬಿಟ್ಟು, ಜನ ನಿಲ್ಲುವ ಜಾಗ ಹಿಡಿಯೋಣ: ಟೀ ಅಂಗಡಿ, ಜೆರಾಕ್ಸ್ ಅಂಗಡಿ, ಪಿಜಿ ಗೇಟು. ಅಂಟಿಸುವ ಮೊದಲು ಮಾಲೀಕರ ಒಪ್ಪಿಗೆ ಬೇಕು.

ಆಸಕ್ತಿ ಹುಟ್ಟುವುದು ವಿಷಯ ನನ್ನದು ಅನ್ನಿಸಿದಾಗ. "ಅತ್ಯಾಧುನಿಕ ಉಪಕರಣಗಳು" ಅನ್ನುವುದಕ್ಕಿಂತ "ಬೆಳಗ್ಗೆ 5:30ಕ್ಕೆ ಬಾಗಿಲು ತೆರೆಯುತ್ತೆ, 9ರ ಕ್ಲಾಸ್ ತಪ್ಪಲ್ಲ" ಅಂದ್ರೆ ವಿದ್ಯಾರ್ಥಿ ನಿಂತು ಓದ್ತಾನೆ.

ಬಯಕೆಗೆ ಅಡ್ಡ ಬರುವುದು ಸಂಕೋಚ: "ನಂಗೆ ಏನೂ ಬರಲ್ಲ, ಎಲ್ಲರೂ ನೋಡ್ತಾರೆ." ಸಿಕ್ಸ್ ಪ್ಯಾಕ್ ಫೋಟೊ ಆ ಸಂಕೋಚವನ್ನು ಹೆಚ್ಚಿಸಬಹುದು. "ಮೊದಲ ಎರಡು ವಾರ ಟ್ರೇನರ್ ಜೊತೆಗೇ ಇರ್ತಾರೆ" ಅನ್ನುವ ಒಂದು ಸಾಲು ಅದನ್ನು ಕರಗಿಸುತ್ತದೆ. ಆದರೆ ಜಿಮ್ ಅದನ್ನು ನಿಜವಾಗಿಯೂ ಕೊಡಬೇಕು.

ಕ್ರಿಯೆ ಒಂದೇ ಇರಲಿ: "ಭಾನುವಾರ ಉಚಿತ ಟ್ರಯಲ್, ಈ ಚೀಟಿ ತನ್ನಿ." ಪೋಸ್ಟರಿನ ಕೆಳಗೆ ಹರಿದುಕೊಳ್ಳುವ 10 ಚೀಟಿ. ಟೀ ಅಂಗಡಿಯ ಚೀಟಿಗೆ 'ಟ', ಪಿಜಿಯದಕ್ಕೆ 'ಪ' ಅಂತ ಗುರುತು.

ಈಗ ಡೀಬಗ್ ಮಾಡಬಹುದು. ಅರ್ಧ ಗಂಟೆ ಟೀ ಕುಡೀತಾ ಎಣಿಸೋಣ. 100 ಜನರಲ್ಲಿ ಇಬ್ಬರೇ ತಿರುಗಿ ನೋಡಿದರೆ ಸೋತಿದ್ದು ಗಮನ. ಜಾಗ ಅಥವಾ ಅಕ್ಷರದ ಗಾತ್ರ ಬದಲಿಸಬೇಕು. 40 ಜನ ನೋಡಿ ಮೂವರೇ ನಿಂತರೆ ತಲೆಬರಹ ಬದಲಿಸಬೇಕು. ನಿಂತು ಓದಿಯೂ ಚೀಟಿ ಹರಿಯದಿದ್ದರೆ ಬಯಕೆ ಹುಟ್ಟಿಲ್ಲ. ಚೀಟಿ ಖಾಲಿಯಾಗಿ ಭಾನುವಾರ ಯಾರೂ ಬರದಿದ್ದರೆ ದಿನ, ಸಮಯ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದು ಕೆಲಸ ಮಾಡ್ತು ಅಂತ ತಿಳಿಯಲ್ಲ.

ಈ ಮಾದರಿಗೂ ಮಿತಿ ಇದೆ. ಆಗಲೇ ಜಿಮ್ ಹುಡುಕ್ತಿರೋನು ನೇರ ನಂಬರ್ ನೋಡ್ತಾನೆ, ಎಲ್ಲ ಮೆಟ್ಟಿಲೂ ಹತ್ತಲ್ಲ. ಟ್ರಯಲ್‌ಗೆ ಬಂದವರು ಎರಡನೇ ತಿಂಗಳೂ ಬರ್ತಾರಾ ಅನ್ನೋದು ಎಐಡಿಎ ಲೆಕ್ಕದಲ್ಲೇ ಇಲ್ಲ. ಅದು ಜಿಮ್‌ನ ಕೆಲಸ, ಪೋಸ್ಟರಿನದ್ದಲ್ಲ.