ತೆಳು ಗಂಜಿ, ತೇವದ ಇಸ್ತ್ರಿ

ಮಗ್ಗದಿಂದ ಇಳಿದ ಹೊಸ ಹತ್ತಿ ಸೀರೆ ಅಂಗಡಿಯಲ್ಲಿ ಗರಿಗರಿಯಾಗಿ ಕಾಣುವುದು ನೇಕಾರರು ಹಾಸಿನ ನೂಲಿಗೆ ಬಳಿದ ಗಂಜಿಯಿಂದ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ನಿಲ್ಲುವ ಹಾಸಿನ ಎಳೆಗಳು ಪ್ರತಿ ಏಟಿಗೂ ಹಣಿಗೆಗೆ ಉಜ್ಜಿಕೊಳ್ಳುತ್ತವೆ. ಗಂಜಿಯಿಲ್ಲದಿದ್ದರೆ ನೂಲಿನ ಮೈಮೇಲಿನ ಸಣ್ಣ ನಾರುಗಳೆದ್ದು ಎಳೆ ಕಡಿದುಹೋಗುತ್ತದೆ. ಕೇರಳದ ಕೈಮಗ್ಗದ ಊರುಗಳಲ್ಲಿ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಯ ಗಂಜಿ ಬಳಿದು, ಕುಂಚದಿಂದ ತೀಡುವ ಪದ್ಧತಿ ಇದೆ. ಜರಿ ಅಂಚಿನ ಮುಂಡುಗಳಿಗೆ ಹೆಸರಾದ ತ್ರಿಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ನೇಕಾರರು ಹಿಂದೊಮ್ಮೆ ಮೈಸೂರು ಸೀಮೆಯಿಂದ ವಲಸೆ ಹೋದ ದೇವಾಂಗರು. ಅವರ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಕನ್ನಡ ಉಳಿದಿದೆ.

ಮಗ್ಗದ ಗಂಜಿ ನೇಯ್ಗೆಯ ಅನುಕೂಲಕ್ಕೆ ಹಾಕಿದ್ದು, ಉಡುವವರಿಗಾಗಿ ಅಲ್ಲ. ಅದು ಹಾಸಿನಲ್ಲಿ ಮಾತ್ರ ಇರುತ್ತದೆ, ಅಡ್ಡ ಹೊಕ್ಕಿನಲ್ಲಿ ಅಷ್ಟಾಗಿ ಇರುವುದಿಲ್ಲ. ಆದ್ದರಿಂದ ಹೊಸ ಸೀರೆಯನ್ನಾಗಲಿ ಮುಂಡನ್ನಾಗಲಿ ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ಜಾಲಿಸುವುದು ಒಳ್ಳೆಯದು. ಮೊದಲ ಎರಡು ಮೂರು ಒಗೆತದಲ್ಲಿ ನೀರು ಮಬ್ಬಾಗಿ, ಕೈಗೆ ಸ್ವಲ್ಪ ಜಾರುವಂತೆ ಬರುವುದು ಈ ಹಳೆಯ ಗಂಜಿಯೇ. ಅದು ಹೋದ ಮೇಲೆ ಬಟ್ಟೆ ಮೆತ್ತಗಾಗುತ್ತದೆ. ಸೀರೆ ಹಾಳಾಯಿತೆಂದು ಕೆಲವರು ಗಾಬರಿಯಾಗುವುದೂ ಆಗಲೇ. ಮನೆಯ ಗಂಜಿಯ ಕೆಲಸ ಶುರುವಾಗುವುದು ಅಲ್ಲಿಂದ.

ಗಂಜಿ ಎಂದರೆ ಪಿಷ್ಟ. ತಣ್ಣೀರಿನಲ್ಲಿ ಪಿಷ್ಟದ ಕಣಗಳು ಕರಗದೆ ತಳದಲ್ಲಿ ಕೂರುತ್ತವೆ. ಬಿಸಿಯೇರುತ್ತಾ 70 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ನೀರು ಹೀರಿ ಉಬ್ಬಿ, ಒಡೆದು, ಅಂಟಂಟಾದ ದ್ರವವಾಗುತ್ತವೆ. ಚೆನ್ನಾಗಿ ಬೆಂದ ಈ ದ್ರವವನ್ನು ಬೇಕಾದಷ್ಟು ತೆಳುಮಾಡಿದಾಗ ಅದು ನೂಲಿನ ಒಳಕ್ಕೆ ಇಳಿದು, ನಾರುಗಳ ನಡುವೆ ನಿಂತು, ಒಣಗಿದಾಗ ಅವನ್ನು ಒಂದಕ್ಕೊಂದು ಹಿಡಿದಿಡುತ್ತದೆ. ದಪ್ಪ ಗಂಜಿ ಒಳಕ್ಕೆ ಇಳಿಯಲಾರದೆ ಮೇಲೆಯೇ ತೊಗಟೆಯಂತೆ ಕೂರುತ್ತದೆ. ಅಂಥ ಸೀರೆ ಮೊದಲ ದಿನ ಹಲಗೆಯಂತೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಮಡಿಕೆ ಬಿದ್ದಲ್ಲೆಲ್ಲ ತೊಗಟೆ ಬಿರುಕು ಬಿಟ್ಟು ಬಿಳಿಯ ಪುಡಿ ಉದುರುತ್ತದೆ, ನೆರಿಗೆ ಕುಸಿಯುತ್ತದೆ. ಗರಿ ಹೆಚ್ಚು ದಿನ ನಿಲ್ಲಲೆಂದು ಗಂಜಿ ದಪ್ಪ ಮಾಡುವವರು ಅದರ ಆಯಸ್ಸನ್ನೇ ಕಡಿಮೆ ಮಾಡುತ್ತಾರೆ.

ನೂಲಿಗೆ ಆಗುವ ಹಾನಿಯ ಮೂಲವೂ ಇಲ್ಲೇ ಇದೆ. ಗಂಜಿಯಿಲ್ಲದ ಕೈಮಗ್ಗದ ಬಟ್ಟೆಯಲ್ಲಿ ಎಳೆಗಳು ಒಂದರ ಮೇಲೊಂದು ಸ್ವಲ್ಪ ಸರಿದಾಡಬಲ್ಲವು. ಒಂದು ಕಡೆ ಜಗ್ಗಿದರೆ ಪಕ್ಕದ ನಾಲ್ಕಾರು ಎಳೆಗಳು ಹತ್ತಿರ ಸರಿದು ಭಾರ ಹಂಚಿಕೊಳ್ಳುತ್ತವೆ. ದಪ್ಪ ಗಂಜಿ ಹಾಸು ಹೊಕ್ಕು ಸೇರುವ ಪ್ರತಿ ಜಾಗವನ್ನೂ ಅಂಟಿಸಿಬಿಡುವುದರಿಂದ ಎಳೆತ ಬಿದ್ದಾಗ ಎಳೆಗಳು ಒಂಟಿಯಾಗಿ ನಿಂತು ಒಂದೊಂದಾಗಿ ಹರಿಯುತ್ತವೆ. ಹೀಗಾಗಿ ಗಂಜಿ ಹಾಕಿದ ಬಟ್ಟೆ ನೇರವಾಗಿ ಎಳೆದರೆ ಗಟ್ಟಿಯಾಗಿ ಕಂಡರೂ ಸೀಳುವಿಕೆಗೆ ಬೇಗ ಸೋಲುತ್ತದೆ. ಭುಜದ ಮೇಲೆ ಸೆರಗಿಗೆ ಚುಚ್ಚಿದ ಪಿನ್ನನ್ನು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಮೆತ್ತಗಿನ ಸೀರೆಯಲ್ಲಿ ಪಿನ್ನಿನ ಮೊನೆಗೆ ಎಳೆಗಳು ಪಕ್ಕಕ್ಕೆ ಸರಿದು ದಾರಿ ಕೊಡುತ್ತವೆ, ಪಿನ್ ತೆಗೆದು ಕೈಯಾಡಿಸಿದರೆ ತೂತು ಮುಚ್ಚಿಕೊಳ್ಳುತ್ತದೆ. ಹಲಗೆಯಂಥ ಸೀರೆಯಲ್ಲಿ ಮೊನೆ ಎಳೆಯನ್ನೇ ಕಡಿದು ಒಳಹೋಗುತ್ತದೆ, ತೂತು ಹಾಗೇ ಉಳಿಯುತ್ತದೆ.

ಗಂಜಿಗೆ ಯಾವ ಪಿಷ್ಟ ಎನ್ನುವುದು ಬಟ್ಟೆಯ ಬಣ್ಣಕ್ಕೆ ತಕ್ಕಂತೆ. ಬಿಳಿ ಮತ್ತು ಕೋರಾ ಬಣ್ಣದ ಮುಂಡಿಗೆ ಬೆಳ್ತಿಗೆ ಅಕ್ಕಿಯ ಅನ್ನ ಬಸಿದ ತಿಳಿ ಸಾಕು. ಕರಾವಳಿಯ ಮನೆಗಳಲ್ಲಿ ದಿನವೂ ಸಿಗುವ ಕುಚ್ಚಲಕ್ಕಿಯ ತಿಳಿಗೆ ಕೆಂಪು ಛಾಯೆ ಇರುವುದರಿಂದ ಬಿಳಿ ಬಟ್ಟೆ ಮಂಕಾಗುತ್ತದೆ. ಉಪ್ಪು ಹಾಕಿದ ತಿಳಿ ಬೇಡ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ರಾತ್ರಿ ಇಟ್ಟು ಹುಳಿಬಂದ ತಿಳಿಯಂತೂ ಬೇಡವೇ ಬೇಡ. ಹತ್ತಿಯ ನಾರು ಸೋಪಿನ ಕ್ಷಾರವನ್ನು ತಾಳಿಕೊಳ್ಳುತ್ತದೆ, ಹುಳಿಯನ್ನು ತಾಳಿಕೊಳ್ಳುವುದಿಲ್ಲ, ಅದರಲ್ಲೂ ಹುಳಿ ಒಣಗಿ ಉಳಿದ ಮೇಲೆ ಇಸ್ತ್ರಿಯ ಬಿಸಿ ತಾಗಿದರೆ. ಗಾಢ ಬಣ್ಣದ ಸೀರೆಗೆ ಸಾಬಕ್ಕಿ ಒಳ್ಳೆಯದು. ನಮ್ಮ ಅಂಗಡಿಗಳ ಸಾಬಕ್ಕಿ ಮರಗೆಣಸಿನ ಪಿಷ್ಟ. ಅದರ ಗಂಜಿ ಒಣಗಿದಾಗ ಪಾರದರ್ಶಕವಾಗಿರುತ್ತದೆ, ನೀಲಿ ಕಪ್ಪು ಸೀರೆಗಳ ಮೇಲೆ ಅಕ್ಕಿಯ ಅಥವಾ ಮೈದಾದ ಗಂಜಿ ಬಿಡುವ ಬಿಳಿ ಮಚ್ಚೆಯ ತೊಂದರೆ ಇರುವುದಿಲ್ಲ.

ಅಳತೆಗೆ ಒಂದು ಸೀರೆಯನ್ನೇ ತೆಗೆದುಕೊಳ್ಳಬಹುದು. ಐದೂವರೆ ಮೀಟರಿನ, ಸುಮಾರು 450 ಗ್ರಾಂ ತೂಗುವ ಕೈಮಗ್ಗದ ಹತ್ತಿ ಸೀರೆ. ಎರಡು ದೊಡ್ಡ ಚಮಚ ಸಾಬಕ್ಕಿಯನ್ನು, ಅಂದರೆ ಸುಮಾರು 30 ಗ್ರಾಮನ್ನು, ನೆನೆಸಿ ಒಂದು ಲೀಟರ್ ನೀರಿನಲ್ಲಿ ಕಾಳು ಪೂರ್ತಿ ಕರಗಿ ಪಾರದರ್ಶಕವಾಗುವವರೆಗೆ ಕೈಯಾಡಿಸುತ್ತಾ ಕುದಿಸಬೇಕು. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಇನ್ನೆರಡು ಲೀಟರ್ ನೀರು ಬೆರೆಸಿದರೆ ಮೂರು ಲೀಟರ್ ಗಂಜಿನೀರಾಗುತ್ತದೆ, ನೂರಕ್ಕೆ ಒಂದು ಪಾಲು ಪಿಷ್ಟ. ಬೆರಳ ನಡುವೆ ಉಜ್ಜಿದರೆ ಸ್ವಲ್ಪ ಜಾರಬೇಕು, ಅಂಟಬಾರದು. ಹದವಾಗಿ ಹಿಂಡಿದ ಸೀರೆ ತನ್ನಲ್ಲಿ ಅರ್ಧ ಲೀಟರಿನಷ್ಟು ಗಂಜಿನೀರು ಉಳಿಸಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಇಡೀ ಸೀರೆಗೆ ಹತ್ತುವ ಪಿಷ್ಟ ಐದು ಗ್ರಾಂ ಮಾತ್ರ. ನೆರಿಗೆ ನೆಟ್ಟಗೆ ನಿಲ್ಲಲು ಅಷ್ಟು ಸಾಕು. ಪಾತ್ರೆಯಲ್ಲಿ ಉಳಿದದ್ದರಲ್ಲಿ ಇನ್ನೊಂದೆರಡು ಬಟ್ಟೆ ಅದ್ದಬಹುದು, ಬಿಳಿಯದು ಮೊದಲು, ಬಣ್ಣ ಬಿಡುವುದು ಕೊನೆಗೆ.

ಅದ್ದುವಾಗ ಸೀರೆ ಒದ್ದೆಯಾಗಿರಬೇಕು. ಒಣಗಿದ ಬಟ್ಟೆ ಮೊದಲು ಮುಳುಗಿದ ಕಡೆ ಹೆಚ್ಚು ಕುಡಿದು, ಉಳಿದ ಕಡೆ ಕಡಿಮೆ ಕುಡಿದು, ಎಲ್ಲೋ ಗಟ್ಟಿ ಎಲ್ಲೋ ಮೆತ್ತಗೆ ಆಗುತ್ತದೆ. ಮಡಿಕೆಯನ್ನೆಲ್ಲ ಬಿಡಿಸಿ, ಅಂಚಿನಿಂದ ಅಂಚಿಗೆ ಕೈಯಾಡಿಸಿ, ಐದು ನಿಮಿಷ ಬಿಟ್ಟು, ಒತ್ತಿ ಹಿಂಡಬೇಕು. ತಿರುಚಿ ಹಿಂಡಬಾರದೆಂದು ಹೇಳುವುದು ನೂಲು ಕಡಿಯುತ್ತದೆಂದಲ್ಲ. ಹತ್ತಿ ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿಯೇ. ತಿರುಚಿದಾಗ ಸುಕ್ಕಿನ ಗೆರೆಗಳಲ್ಲಿ ಗಂಜಿ ಶೇಖರವಾಗಿ, ಇಸ್ತ್ರಿಗೂ ಬಗ್ಗದ ಗೆರೆ ಉಳಿಯುತ್ತದೆ. ಜರಿ ಅಂಚಿದ್ದರೆ ಒದ್ದೆ ಬಟ್ಟೆಯಿಂದ ಅಂಚನ್ನು ಒಮ್ಮೆ ಒರೆಸಿದರೆ ಗಂಜಿಯ ಪೊರೆ ಹೋಗಿ ಹೊಳಪು ಉಳಿಯುತ್ತದೆ. ಆಮೇಲೆ ಇಬ್ಬರು ಎರಡು ತುದಿ ಹಿಡಿದು ಜೋರಾಗಿ ಕೊಡವಿ, ಅಂಚುಗಳನ್ನು ನೇರಕ್ಕೆಳೆದು, ನೆರಳಿನಲ್ಲಿ ಗಾಳಿಯಾಡುವ ಹಗ್ಗಕ್ಕೆ ಹರವಿದರೆ ಇಸ್ತ್ರಿಯ ಅರ್ಧ ಕೆಲಸ ಅಲ್ಲೇ ಮುಗಿದಂತೆ.

ಇಷ್ಟಾದರೂ ಗರಿಗರಿತನ ಪೂರ್ತಿ ಬರುವುದು ಇಸ್ತ್ರಿಯ ಅಡಿಯಲ್ಲಿ. ಒಣಗಿದ ಗಂಜಿಗೆ ತೇವ ಮತ್ತು ಬಿಸಿ ಒಟ್ಟಿಗೆ ತಾಗಿದಾಗ ಅದು ಮತ್ತೆ ಮೆತ್ತಗಾಗುತ್ತದೆ. ಇಸ್ತ್ರಿಯ ಭಾರದಡಿ ಚಪ್ಪಟೆಯಾಗಿ, ಅದೇ ಸ್ಥಿತಿಯಲ್ಲಿ ಒಣಗಿ, ನುಣುಪಾದ ಪೊರೆಯಾಗಿ ನಿಲ್ಲುತ್ತದೆ. ಹಾಗಾಗಿ ಸೀರೆ ಪೂರ್ತಿ ಒಣಗುವ ಮೊದಲೇ ತೆಗೆಯಬೇಕು. ಒಣಗಿಹೋಗಿದ್ದರೆ ಕೈಯಿಂದ ನೀರು ಚಿಮುಕಿಸಿ, ಸುರುಳಿ ಸುತ್ತಿ, ಟವೆಲ್ಲಿನಲ್ಲಿ ಅರ್ಧ ಗಂಟೆ ಇಡಬೇಕು. ಅಷ್ಟರಲ್ಲಿ ಹನಿಗಳು ಹರಡಿ ತೇವ ಎಲ್ಲೆಡೆ ಒಂದೇ ಸಮವಾಗುತ್ತದೆ. ಹದ ಗೊತ್ತಾಗುವುದು ಕೆನ್ನೆಗೆ ಒತ್ತಿದಾಗ: ತಣ್ಣಗೆನಿಸಬೇಕು, ಕೆನ್ನೆ ಒದ್ದೆಯಾಗಬಾರದು. ತೀರಾ ಒದ್ದೆಯಿದ್ದರೆ ಗಂಜಿ ಇಸ್ತ್ರಿಯ ತಳಕ್ಕೆ ಅಂಟಿ ಕಂದು ಹೊಪ್ಪಳೆಯಾಗಿ, ಮುಂದಿನ ಜಾಗಕ್ಕೆ ಕಲೆ ಹತ್ತಿಸುತ್ತದೆ.

ತೇವಕ್ಕೆ ಇನ್ನೊಂದು ಕೆಲಸವಿದೆ, ಅದು ನೂಲನ್ನು ಕಾಯುತ್ತದೆ. ವಿದ್ಯುತ್ ಇಸ್ತ್ರಿಯ ಹತ್ತಿಯ ಗುರುತಿನಲ್ಲಿ ತಳ ಸುಮಾರು 200 ಡಿಗ್ರಿಗೆ ಏರುತ್ತದೆ. ಬಟ್ಟೆಯಲ್ಲಿ ನೀರು ಇರುವಷ್ಟು ಹೊತ್ತು ಬಿಸಿಯೆಲ್ಲ ಅದನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ನಾರಿನ ಬಿಸಿ 100 ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ನೀರು ಮುಗಿದ ಕ್ಷಣದಿಂದ ಅದು ತಳದ ಬಿಸಿಯತ್ತ ಏರತೊಡಗುತ್ತದೆ. ಆವಿ ನಿಂತ ಕೂಡಲೇ ಇಸ್ತ್ರಿ ಮುಂದೆ ಹೋಗಬೇಕು. ಮೊದಲು ಕರಕಾಗುವುದು ಗಂಜಿ. ತೆಳು ಹಳದಿ ಕಲೆ ತಣ್ಣೀರಿನಲ್ಲಿ ನೆನೆಸಿ ಒಗೆದಾಗ ಹೋದರೆ ಸುಟ್ಟದ್ದು ಗಂಜಿಯಷ್ಟೇ. ಒಗೆದರೂ ಕಂದು ಉಳಿದರೆ ನಾರೇ ಸುಟ್ಟಿದೆ, ಆ ಜಾಗ ಕೆಲವು ಒಗೆತಗಳಲ್ಲಿ ಹರಿಯುತ್ತದೆ. ಇದ್ದಿಲಿನ ಇಸ್ತ್ರಿಗೆ ಬಿಸಿ ತಿರುಗಿಸುವ ಗುಂಡಿ ಇಲ್ಲ. ಅದರಲ್ಲಿ ಕೆಲಸ ಮಾಡುವವರು ಹಳೆಯ ಬಟ್ಟೆಯ ಮೇಲೆ ಎಳೆದು ನೋಡಿ ಹದ ತಿಳಿಯುತ್ತಾರೆ, ಕಡಿಮೆ ಬಿಸಿಯ ಕೊರತೆಯನ್ನು ಇಸ್ತ್ರಿಯ ತೂಕ ತುಂಬುತ್ತದೆ.

ಇಸ್ತ್ರಿಯನ್ನು ಒಳಮಗ್ಗುಲಿನಿಂದ, ಹಾಸಿನ ಎಳೆಯ ಗುಂಟ, ಅಂದರೆ ಸೀರೆಯ ಉದ್ದಕ್ಕೆ ಎಳೆಯಬೇಕು. ಓರೆಯಾಗಿ ತಳ್ಳಿದರೆ ನೇಯ್ಗೆ ಸೊಟ್ಟಗಾಗಿ ಅಂಚು ಅಲೆಯಂತಾಗುತ್ತದೆ. ಜರಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಬಿಸಿ ಇಳಿಸಿ ಒತ್ತಬೇಕು. ಇಂದಿನ ಅನೇಕ ಅಂಚುಗಳಲ್ಲಿರುವುದು ಲೋಹದ ಬಣ್ಣ ಕೊಟ್ಟ ಪಾಲಿಯೆಸ್ಟರ್ ಎಳೆ, ಹತ್ತಿಗೆ ಬೇಕಾದ ಬಿಸಿಯಲ್ಲಿ ಅದು ಸುರುಟಿಕೊಂಡು ಅಂಚನ್ನೆಲ್ಲ ಎಳೆದುಬಿಡುತ್ತದೆ.

ಮುಂಡಿನ ಮಡಿಕೆಯ ಗೆರೆ ಕತ್ತಿಯಂತೆ ಕಾಣಲಿ ಎಂದು ಅದರ ಮೇಲೆ ಇಸ್ತ್ರಿ ಒತ್ತಿ ಹಿಡಿಯುವುದುಂಟು. ಹಳೆಯ ಮುಂಡುಗಳು ಹರಿಯುವುದು ಹೆಚ್ಚಾಗಿ ಆ ಗೆರೆಯಲ್ಲೇ. ಪ್ರತಿ ಸಲ ಅದೇ ಎಳೆಗಳು ಗಂಜಿಯಲ್ಲಿ ಬಿಗಿದು, ಮಡಿದು, ಬಿಸಿಯಲ್ಲಿ ಒತ್ತಿಸಿಕೊಂಡು ಸವೆಯುತ್ತವೆ. ಮಡಿಕೆಯನ್ನು ಪ್ರತಿ ಸಲ ನಾಲ್ಕು ಬೆರಳು ಆಚೀಚೆ ಸರಿಸಿ, ಅಂಗೈಯಿಂದ ಮಾತ್ರ ಒತ್ತಿದರೆ ಗೆರೆಯೂ ಚೆನ್ನಾಗಿಯೇ ಕಾಣುತ್ತದೆ. ಇಸ್ತ್ರಿಯಾದ ಬಟ್ಟೆಯನ್ನು ಬಿಸಿಯಿರುವಾಗಲೇ ಬೀರುವಿಗೆ ತುರುಕದೆ ಒಂದು ಗಂಟೆ ಗಾಳಿಗೆ ಬಿಟ್ಟರೆ ಒಳಗುಳಿದ ಆವಿ ಹೋಗಿ ಗರಿ ಸ್ಥಿರವಾಗುತ್ತದೆ.

ಮುಂದಿನ ಗಂಜಿಗೆ ಮೊದಲು ಹಳೆಯದನ್ನು ಪೂರ್ತಿ ತೆಗೆಯಬೇಕು, ಇಲ್ಲವಾದರೆ ಪದರದ ಮೇಲೆ ಪದರ ಕೂತು ತೆಳು ಗಂಜಿ ಹಾಕಿಯೂ ದಪ್ಪ ಗಂಜಿಯ ತೊಂದರೆ ಬರುತ್ತದೆ. ಹೋಗಿದೆಯೇ ಎಂದು ನೋಡಲು ಸೀರೆ ಜಾಲಿಸಿದ ನೀರನ್ನು ಬಟ್ಟಲಲ್ಲಿ ತೆಗೆದು, ಗಾಯಕ್ಕೆ ಹಚ್ಚುವ ಅಯೋಡಿನ್ನಿನ ಒಂದು ಹನಿ ಬಿಟ್ಟರೆ ಸಾಕು. ನೀರು ನೀಲಿಗೆ ತಿರುಗಿದರೆ ಇನ್ನೂ ಪಿಷ್ಟವಿದೆ. ಈ ಪರೀಕ್ಷೆ ಬಟ್ಟಲಿನಲ್ಲಿ ಆಗಬೇಕು, ಸೀರೆಯ ಮೇಲೆ ಅಲ್ಲ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಗಂಜಿಗೆ ತನ್ನ ಮಿತಿ ಇದೆ. ಗಾಳಿಯ ತೇವ ಹೀರಿದ ಪಿಷ್ಟ ಮೆತ್ತಗಾಗುವುದನ್ನು ಎಷ್ಟು ದಪ್ಪ ಗಂಜಿಯೂ ತಡೆಯಲಾರದು. ತೇವ ಉಳಿದರೆ ಬೂಷ್ಟು ಹತ್ತುತ್ತದೆ. ಪುಸ್ತಕದ ಅಂಟು ತಿನ್ನುವ ಬೆಳ್ಳಿಬಣ್ಣದ ಸಣ್ಣ ಹುಳುವಿಗೂ ಜಿರಲೆಗೂ ಗಂಜಿ ಆಹಾರ. ಅವು ಪಿಷ್ಟವನ್ನು ಕೆರೆದು ತಿನ್ನುವಾಗ ನೂಲೂ ಜೊತೆಗೆ ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪೆಟ್ಟಿಗೆಯಲ್ಲಿ ಉಳಿಯುವ ಸೀರೆ ಮುಂಡುಗಳನ್ನು ಗಂಜಿ ತೆಗೆದು, ಒಗೆದು, ಚೆನ್ನಾಗಿ ಒಣಗಿಸಿ, ಇಸ್ತ್ರಿಯಿಲ್ಲದೆ ಸಡಿಲವಾಗಿ ಸುತ್ತಿ ಇಡಬೇಕು. ಗಂಜಿ ಹಾಕುವುದು ಉಡುವ ಹಿಂದಿನ ದಿನವೇ ಸರಿ.